ಸೀರೆ ಫೋಟೋ ಎಡಿಟ್ ಮಾಡುವ ಮೊದಲು ಅಳತೆ ನೋಡಿ

ಗದಗ-ಬೆಟಗೇರಿಯ ಚೌಕಡಿ ಸೀರೆಯನ್ನು ಎಐ ಆ್ಯಪ್‌ನಲ್ಲಿ ಮಾಡೆಲ್‌ಗೆ ಉಡಿಸಿ ನೋಡುವವರು ಈ ಗುಂಪಿನಲ್ಲಿ ಜಾಸ್ತಿ ಇದ್ದೀರಿ. ಚೌಕಗಳು ಉದ್ದಕ್ಕೆ ಎಳೆದಂತೆ ಬಂದರೆ ಮೊದಲು ನಿಮ್ಮ ಫೋಟೋದ ಅಳತೆ ನೋಡಿ.

ಇಂಥ ಹಲವು ಆ್ಯಪ್‌ಗಳು ಒಳಗೆ 768×1024 ಅಳತೆಯಲ್ಲಿ, ಅಂದರೆ 3:4 ಚೌಕಟ್ಟಿನಲ್ಲಿ ಕೆಲಸ ಮಾಡುತ್ತವೆ. ನೀವು ಕೊಟ್ಟ ಫೋಟೋ 1080×1920 ಅಂದುಕೊಳ್ಳಿ. ಕೆಲವು ಆ್ಯಪ್‌ಗಳು ಅದನ್ನು ಕತ್ತರಿಸುವುದಿಲ್ಲ, ಹಾಗೇ ಅದುಮಿಬಿಡುತ್ತವೆ. ಮಾಡೆಲ್ ಕುಳ್ಳಗೆ, ಅಗಲವಾಗಿ ಕಾಣುತ್ತಾಳೆ. ಆ ಮೈ ಮೇಲೆ ಸೀರೆ ಬರೆದು ಮತ್ತೆ ಹಳೇ ಅಳತೆಗೆ ಎಳೆದಾಗ, 3 ಪಾಲು ಅಗಲಕ್ಕೆ 4 ಪಾಲು ಎತ್ತರದ ಚೌಕ ಸಿಗುತ್ತದೆ. ಗಿರಾಕಿ ನೋಡುವುದು ನೇಕಾರರು ನೇಯ್ದೇ ಇರದ ಡಿಸೈನನ್ನು. ಇದು ಸರಿ ಅಲ್ಲ, ಅಲ್ವಾ?

ಬ್ಲೌಸ್ ಅಷ್ಟೇ ಸಾಕಿದ್ದರೆ 1080×1440ಕ್ಕೆ ಕ್ರಾಪ್ ಮಾಡಿ. ಸೀರೆಗೆ ಕಾಲಿನವರೆಗೂ ಬೇಕು. ಹಾಗಾಗಿ ಕತ್ತರಿಸಬೇಡಿ. ಎಡಕ್ಕೆ 180, ಬಲಕ್ಕೆ 180 ಪಿಕ್ಸೆಲ್ ಖಾಲಿ ಜಾಗ ಸೇರಿಸಿ, ಹಿನ್ನೆಲೆಯ ಬಣ್ಣವನ್ನೇ ತುಂಬಿ. ಈಗ 1440×1920 ಆಯಿತು. ಅದನ್ನು 768×1024ಕ್ಕೆ ಇಳಿಸಿ, ಎಡಿಟ್ ಆದ ಮೇಲೆ ಎರಡೂ ಬದಿ 96 ಪಿಕ್ಸೆಲ್ ಕತ್ತರಿಸಿ. ಸೀರೆಯ ಫೋಟೋವನ್ನೂ ಹೀಗೇ 3:4 ಮಾಡಿ.

ವಾಟ್ಸಾಪ್‌ನಲ್ಲಿ ಸುತ್ತಿ ಬಂದ ಚಿಕ್ಕ ಫೋಟೋವನ್ನು ಸುಮ್ನೆ ದೊಡ್ಡದು ಮಾಡಿದರೆ ಅಂಚಿನ ಎಳೆಗಳು ವಾಪಸ್ ಬರುವುದಿಲ್ಲ. ಆ್ಯಪ್ ಅಲ್ಲಿ ತನಗೆ ತೋಚಿದ್ದನ್ನು ತುಂಬುತ್ತದೆ. ಮೂಲ ಫೋಟೋವನ್ನೇ ಡಾಕ್ಯುಮೆಂಟ್ ಆಗಿ ತರಿಸಿಕೊಳ್ಳಿ.