ತುಟಿ ಅಲುಗುತ್ತಿದೆಯೇ? ಪ್ರಾರ್ಥನೆ, ಧ್ಯಾನ ಹೋಲಿಸಲು ಒಂದು ಪಿರಿಯಡ್

ನಮ್ಮ ಒಂಬತ್ತನೇ ತರಗತಿಯಲ್ಲಿ ಈ ಪಾಠ ಮೊದಲ ಸಲ ಮಾಡಿದಾಗ ಎಲ್ಲ ಮಕ್ಕಳ ಪಟ್ಟಿಯಲ್ಲೂ ಒಂದೇ ಉತ್ತರವಿತ್ತು: ‘ಕುಳಿತು, ಕಣ್ಣು ಮುಚ್ಚಿ, ಮೌನವಾಗಿ’. ತಪ್ಪು ನನ್ನದೇ. ‘ಮೌನ’ ಎಂದರೇನೆಂದು ನಾನು ಕೇಳಿರಲಿಲ್ಲ. ಈಗ ಹೀಗೆ ಮಾಡುತ್ತೇನೆ.

ಮೊದಲು ಬೋರ್ಡಿನ ಮೇಲೆ ಭಂಗಿ, ಮಾತು, ಮೌನ ಎಂದು ಮೂರು ಕಲಂ ಎಳೆಯಿರಿ. ಬದಿಗೆ ಮೂರೇ ಹೆಸರು ಸಾಕು: ನಮಾಜು, ಇಷ್ಟಲಿಂಗ ಪೂಜೆ, ಬೌದ್ಧರ ಆನಾಪಾನ ಧ್ಯಾನ. ಬೆಂಗಳೂರಿನ ಮಕ್ಕಳಿಗೆ ಶಿವಾಜಿನಗರದ ಮಸೀದಿಯೂ ಗಾಂಧಿನಗರದ ಮಹಾಬೋಧಿ ಸೊಸೈಟಿಯೂ ಒಂದು ಬಸ್ ಪ್ರಯಾಣದಷ್ಟೇ ದೂರ. ಆದರೆ ತರಗತಿಯಲ್ಲಿ ಯಾರಿಂದಲೂ ಮಾಡಿಸಬೇಡಿ. ನಮಾಜಿನಲ್ಲಿ ನೆಲಕ್ಕೆ ಬಾಗುವ ಸಜ್ದಾ ವ್ಯಾಯಾಮವಲ್ಲ, ಮೈಮೇಲೆ ಧರಿಸುವ ಇಷ್ಟಲಿಂಗ ಕೈಯಿಂದ ಕೈಗೆ ದಾಟಿಸುವ ವಸ್ತುವಲ್ಲ. ಕಡ್ಡಿ ಗೊಂಬೆಯ ಚಿತ್ರ ಬರೆಸಿದರೆ ಸಾಕು.

ನಮಾಜಿಗೆ ಒಂದು ರಕಅತ್ತಿನ, ಅಂದರೆ ಒಂದು ಪೂರ್ತಿ ಸುತ್ತಿನ ಚಿತ್ರ ಬರೆಸಿ: ನಿಲ್ಲುವುದು, ಸೊಂಟ ಬಾಗಿಸುವ ರುಕೂ, ಮತ್ತೆ ನೇರ ನಿಲ್ಲುವುದು, ಹಣೆ ನೆಲಕ್ಕೆ ತಾಗಿಸುವ ಸಜ್ದಾ, ನಡುವೆ ತುಸು ಹೊತ್ತು ಕೂರುವುದು, ಮತ್ತೊಂದು ಸಜ್ದಾ. ಮಕ್ಕಳು ಎರಡನೇ ಸಜ್ದಾ ಬಿಟ್ಟುಬಿಡುತ್ತಾರೆ. ಲೆಕ್ಕ ಕೇಳಿದರೆ ಸಿಕ್ಕಿಬೀಳುತ್ತಾರೆ: ಮಧ್ಯಾಹ್ನದ ಝುಹರಿನ 4 ಫರ್ಜ್, ಅಂದರೆ ಕಡ್ಡಾಯ ರಕಅತ್ತಿಗೆ 8 ಸಜ್ದಾ ಬರಬೇಕು. ಇಷ್ಟಲಿಂಗಕ್ಕೆ ಎಡ ಅಂಗೈ, ಅದರ ಮೇಲೆ ಲಿಂಗ, ತೆರೆದ ಕಣ್ಣಿನ ನೆಟ್ಟ ನೋಟ. ಆನಾಪಾನಕ್ಕೆ ನೆಟ್ಟಗೆ ಕುಳಿತ ಬೆನ್ನು.

ಇನ್ನು ಮೌನದ ಕಲಂ. ಅರ್ಧ ಪಿರಿಯಡ್ ಇದಕ್ಕೇ ಇಡಿ. ನಮ್ಮ ಜಪದ ಪರಂಪರೆಯಲ್ಲೇ ಅಳತೆಗೋಲಿದೆ: ಇತರರಿಗೆ ಕೇಳುವಂಥದ್ದು ವಾಚಿಕ, ತುಟಿಯಷ್ಟೇ ಅಲುಗುವುದು ಉಪಾಂಶು, ಮನಸ್ಸಿನಲ್ಲೇ ನಡೆಯುವುದು ಮಾನಸ. ಈ ಹೆಸರುಗಳು ಬೇರೆ ಧರ್ಮದವರು ಬಳಸುವಂಥವಲ್ಲ ನಿಜ, ಅಳೆಯಲು ಅನುಕೂಲ ಅಷ್ಟೇ. ಝುಹರಿನಲ್ಲಿ ಕುರಾನ್ ಪಠಣ ಹೊರಗೆ ಕೇಳದು, ಆದರೆ ಪದಗಳಿವೆ, ತುಟಿ ಅಲುಗುತ್ತದೆ. ಎಲ್ಲರೂ ಸೇರಿ ಮಾಡುವ ಸಂಜೆಯ ಮಗ್ರಿಬ್ ಜಮಾತ್‌ನಲ್ಲಿ ಇಮಾಮರು ಮೊದಲ 2 ರಕಅತ್ತುಗಳಲ್ಲಿ ದನಿಯೆತ್ತಿ ಓದಿ, ಮೂರನೆಯದರಲ್ಲಿ ದನಿ ತಗ್ಗಿಸುತ್ತಾರೆ. ಭಂಗಿ ಹಾಗೇ ಇದೆ, ದನಿ ಮಾತ್ರ ಬದಲು. ಆದ್ದರಿಂದ ‘ನಮಾಜು: ಮೌನ’ ಎಂದಷ್ಟೇ ಬರೆದರೆ ಅಳಿಸಿ, ಯಾವ ಹೊತ್ತಿನದು ಎಂದು ಕೇಳಿ.

ಆನಾಪಾನದಲ್ಲಿ ಮೂರೂ ಅಳತೆ ಸೋಲುತ್ತವೆ. ಅಲ್ಲಿ ಗಮನವೆಲ್ಲ ಒಳಹೊರಗೆ ಹೋಗುವ ಉಸಿರಿನ ಮೇಲೆ. ಕೆಲವು ಗುರುಗಳು ಆರಂಭದಲ್ಲಿ ಉಸಿರೆಣಿಸಲು ಹೇಳುತ್ತಾರೆ, ಕೆಲವರು ಯಾವ ಪದವೂ ಬೇಡವೆನ್ನುತ್ತಾರೆ. ಮಾನಸ ಜಪದಲ್ಲಿ ಮಂತ್ರವಿದೆ, ಇಲ್ಲಿ ಮಂತ್ರವೇ ಇಲ್ಲ. ಹೊರಗಿನಿಂದ ನೋಡಿದವರಿಗೆ ಎರಡೂ ಒಂದೇ ಕಾಣುವುದರಿಂದ, ಮಾಡುವವರನ್ನೇ ಕೇಳದೆ ಈ ಖಾನೆ ತುಂಬಲಾಗದು.

ಇಷ್ಟಲಿಂಗದ ಖಾನೆಗೆ ಬಂದಾಗ ನಮ್ಮಲ್ಲಿ ಜಗಳವೇ ಆಯಿತು. ‘ನಮ್ಮಜ್ಜಿ ಓಂ ನಮಃ ಶಿವಾಯ ಪಿಸುಗುಡ್ತಾರೆ ಮಿಸ್’ ಎಂದಳೊಬ್ಬಳು. ‘ನಮ್ಮಪ್ಪ ಬಾಯೇ ಬಿಡಲ್ಲ’ ಎಂದ ಹಿಂದಿನ ಬೆಂಚಿನವ. ಒಂದೇ ಖಾನೆಯಲ್ಲಿ ಎರಡನ್ನೂ ಬರೆದೆವು.