ರೀಫಂಡ್ ಇನ್ನೂ ಬಂದಿಲ್ಲ, ಪೇ ಲೇಟರ್ ಬಿಲ್ ಕಟ್ಟುವ ದಿನ ಬಂತು: ಏನು ಮಾಡಬೇಕು?

ಆನ್‌ಲೈನ್‌ನಲ್ಲಿ ತರಿಸಿದ ಮಿಕ್ಸಿ ಸರಿಯಿಲ್ಲ ಅಂತ ವಾಪಸ್ ಕಳಿಸಿದ್ದೀರಿ. ದುಡ್ಡು ಇನ್ನೂ ಬಂದಿಲ್ಲ. ಅಷ್ಟರಲ್ಲಿ ಪೇ ಲೇಟರ್ ಬಿಲ್ ಬಂದಿದೆ, ಆ ಮಿಕ್ಸಿಯ ದುಡ್ಡೂ ಅದರಲ್ಲಿ ಸೇರಿದೆ. ಮನೆಯಲ್ಲೇ ಇಲ್ಲದ ವಸ್ತುವಿಗೆ ಯಾಕೆ ಕಟ್ಟಬೇಕು ಅನ್ನಿಸುತ್ತೆ, ಅಲ್ವಾ? ಆದರೂ ಕೊನೆಯ ದಿನದ ಒಳಗೆ ಪೂರ್ತಿ ಬಿಲ್ ಕಟ್ಟಿಬಿಡಿ. ರೀಫಂಡ್‌ನ ಬೆನ್ನು ಹತ್ತುವ ಕೆಲಸ ಅದರ ಜೊತೆಗೇ ನಡೆಯಲಿ.

ಕಾರಣ ಇಷ್ಟೇ. ನೀವು ಪೇ ಲೇಟರ್ ಆರಿಸಿ ಆರ್ಡರ್ ಮಾಡಿದಾಗ ಒಂದು ಬ್ಯಾಂಕ್ ಅಥವಾ ಎನ್‌ಬಿಎಫ್‌ಸಿ, ಅಂದರೆ ಬ್ಯಾಂಕ್ ಅಲ್ಲದ ಸಾಲ ಕೊಡುವ ಕಂಪನಿ, ನಿಮ್ಮ ಪರವಾಗಿ ಅಂಗಡಿಗೆ ದುಡ್ಡು ಕೊಟ್ಟಿದೆ. ಅದು ಸಾಲ. ವಸ್ತು ವಾಪಸ್ ಮಾಡಿದ್ದು ನಿಮಗೂ ಮಾರಿದವರಿಗೂ ಇರುವ ವ್ಯವಹಾರ. ಬಿಲ್ ನಿಮಗೂ ಸಾಲ ಕೊಟ್ಟವರಿಗೂ ಇರುವ ವ್ಯವಹಾರ. ಎರಡೂ ಒಂದೇ ಆ್ಯಪ್‌ನಲ್ಲಿ ಕಾಣುವುದರಿಂದ ಒಂದೇ ಲೆಕ್ಕ ಅನ್ನಿಸುತ್ತದೆ, ಆದರೆ ಅಲ್ಲ. ರೀಫಂಡ್ ತಡವಾಯಿತು ಅಂತ ಬಿಲ್‌ನ ಕೊನೆಯ ದಿನ ತಾನಾಗಿ ಮುಂದೆ ಹೋಗುವುದಿಲ್ಲ. ಕ್ರೆಡಿಟ್ ಕಾರ್ಡ್‌ನಲ್ಲಿ ಕೊನೆಯ ದಿನ ಕಳೆದು ಮೂರು ದಿನ ದಾಟಿದ ಮೇಲೆ ಮಾತ್ರ ತಡದ ಶುಲ್ಕ ಹಾಕಬಹುದು ಎಂಬ ನಿಯಮವಿದೆ. ಪೇ ಲೇಟರ್‌ಗೂ ಅದೇ ಇದೆ ಅಂತ ನಂಬಿ ಕೂರಬೇಡಿ.

ಮೊದಲು: ರೀಫಂಡ್ ಎಲ್ಲಿದೆ ನೋಡಿ

ಆರ್ಡರ್ ತೆರೆದು ವಾಪಸಾತಿಯ ಸ್ಥಿತಿ ಓದಿ. ಕೊರಿಯರ್‌ನವರು ತೆಗೆದುಕೊಂಡು ಹೋದರು ಎಂದರೆ ರೀಫಂಡ್ ಆಯಿತು ಅಂತಲ್ಲ. ಸಾಮಾನ್ಯವಾಗಿ ವಸ್ತು ಗೋದಾಮು ಸೇರಬೇಕು, ಅಲ್ಲಿ ತಪಾಸಣೆ ಆಗಬೇಕು, ಆಮೇಲೆ ಮಾರಿದವರು ದುಡ್ಡು ಬಿಡಬೇಕು. ಪರದೆಯ ಮೇಲೆ Refund initiated ಅಂತ ಬಂದರೂ ಅವರು ಕಳಿಸಿದ್ದಾರೆ ಅಂತಷ್ಟೇ ಅರ್ಥ. ಸಾಲ ಕೊಟ್ಟವರ ಖಾತೆಯಲ್ಲಿ ಅದು ಜಮಾ ಆಗಲು ಮತ್ತೆ ಕೆಲವು ದಿನ ಹಿಡಿಯಬಹುದು. ಆದ್ದರಿಂದ ಶಾಪಿಂಗ್ ಪುಟ ನೋಡಿ ಸಮಾಧಾನ ಪಡಬೇಡಿ. ಪೇ ಲೇಟರ್ ಪುಟಕ್ಕೆ ಹೋಗಿ, ವ್ಯವಹಾರಗಳ ಪಟ್ಟಿಯಲ್ಲಿ ಜಮಾ ಆಗಿದೆಯಾ ಅಂತ ನೋಡಿ. ಅಲ್ಲಿ ಕಂಡರೆ ಮಾತ್ರ ಬಂತು ಅನ್ನಿ.

ಇನ್ನೊಂದು ವಿಷಯವನ್ನು ಇಲ್ಲೇ ನೋಡಿಕೊಳ್ಳಿ. ವಾಪಸ್ ಮಾಡುವಾಗ ದುಡ್ಡು ಎಲ್ಲಿಗೆ ಬೇಕು ಅಂತ ಕೆಲವು ಆ್ಯಪ್‌ಗಳು ಕೇಳುತ್ತವೆ. ಬೇಗ ಸಿಗುತ್ತೆ ಅಂತ ವ್ಯಾಲೆಟ್ ಅಥವಾ ಗಿಫ್ಟ್ ಕಾರ್ಡ್ ಒತ್ತಿದರೆ ದುಡ್ಡು ಅಲ್ಲಿಗೇ ಹೋಗುತ್ತದೆ. ಸಾಲ ಹಾಗೇ ಉಳಿಯುತ್ತದೆ. ‘ರೀಫಂಡ್ ಆಗಿದೆ ಅಂತಾರೆ, ಬಿಲ್ ಮಾತ್ರ ಕಡಿಮೆ ಆಗಿಲ್ಲ’ ಎನ್ನುವ ಎಷ್ಟೋ ಗೋಳಿನ ಮೂಲ ಇದೇ. ಯಾವುದರಿಂದ ಕಟ್ಟಿದಿರೋ ಅದಕ್ಕೇ ವಾಪಸ್ ಬರಲಿ ಅಂತ ಆರಿಸಿ.

ಆಮೇಲೆ: ಬಿಲ್ ಕಟ್ಟಿ

ಒಂದು ಲೆಕ್ಕ ಹಾಕೋಣ. ಕಳೆದ ತಿಂಗಳು 18ರಂದು ಮಿಕ್ಸಿಗೆ 3,499 ರೂಪಾಯಿ, ಒಂದು ಕುರ್ತಾಗೆ 899 ರೂಪಾಯಿ. ಒಂದನೇ ತಾರೀಖು 4,398 ರೂಪಾಯಿಯ ಬಿಲ್ ಬಂತು, ಕಟ್ಟಲು 5ರವರೆಗೆ ಸಮಯ. ಮಿಕ್ಸಿಯನ್ನು 2ರಂದು ತೆಗೆದುಕೊಂಡು ಹೋದರು. 4ರಂದು ಮಾರಿದವರು ರೀಫಂಡ್ ಕಳಿಸಿದರು. ಅದು ಪೇ ಲೇಟರ್ ಖಾತೆಗೆ ಬಿದ್ದಿದ್ದು 7ಕ್ಕೆ.

ಬರೀ ಕುರ್ತಾದ 899 ಕಟ್ಟಿ ಸುಮ್ಮನಿದ್ದರೆ ಏನಾಗುತ್ತದೆ? 6ನೇ ತಾರೀಖಿಗೆ ನಿಮ್ಮ ಹೆಸರಲ್ಲಿ 3,499 ಬಾಕಿ. ತಡದ ಶುಲ್ಕ ಬೀಳುತ್ತದೆ. 7ಕ್ಕೆ ರೀಫಂಡ್ ಬಂದು ಅಸಲು ತೀರಿದರೂ ಆ ಶುಲ್ಕ ಬಾಕಿ ಉಳಿಯಬಹುದು. ಅದನ್ನು ಗಮನಿಸದಿದ್ದರೆ ಚಿಕ್ಕ ಮೊತ್ತಕ್ಕೇ ಖಾತೆ ತಡದಲ್ಲಿ ಮುಂದುವರಿಯುತ್ತದೆ. ಅದೂ ಅಲ್ಲದೆ, 2025ರ ಜನವರಿಯಿಂದ ಸಾಲ ಕೊಟ್ಟವರು ಕನಿಷ್ಠ ಹದಿನೈದು ದಿನಕ್ಕೊಮ್ಮೆಯಾದರೂ ಸಿಬಿಲ್‌ನಂತಹ ಕ್ರೆಡಿಟ್ ವರದಿ ಸಂಸ್ಥೆಗಳಿಗೆ ಮಾಹಿತಿ ಕೊಡಬೇಕು. ಆ ಮಾಹಿತಿ ತೆಗೆಯುವ ದಿನ ಬಾಕಿ ಇದ್ದರೆ ಎಷ್ಟು ದಿನ ತಡ ಅನ್ನುವುದು ವರದಿಯಲ್ಲಿ ಕೂರುತ್ತದೆ. ಮುಂದೆ ಮನೆ ಸಾಲಕ್ಕೆ ಹೋದಾಗ ಬ್ಯಾಂಕಿನವರು ಅದನ್ನು ನೋಡುತ್ತಾರೆ. ಮಿಕ್ಸಿ ಕಥೆ ಅಲ್ಲಿ ಇರುವುದಿಲ್ಲ.

ಅದೇ 4ನೇ ತಾರೀಖು 4,398 ಪೂರ್ತಿ ಕಟ್ಟಿದರೆ, 7ಕ್ಕೆ ಬಂದ 3,499 ನಿಮ್ಮದೇ ಜಮಾ ಆಗಿ ನಿಲ್ಲುತ್ತದೆ. ಈ ತಿಂಗಳು 1,200ರ ಸಾಮಾನು ಕೊಂಡರೆ ಅದರಲ್ಲೇ ವಜಾ ಆಗಿ 2,299 ಉಳಿಯುತ್ತದೆ. ಸಾಲ ಕೊಟ್ಟವರಲ್ಲಿ ಕೆಲವರು ಹೆಚ್ಚಿನ ದುಡ್ಡನ್ನು ನಿಮ್ಮ ಬ್ಯಾಂಕ್ ಖಾತೆಗೆ ಹಾಕುತ್ತಾರೆ, ಕೆಲವರು ಮುಂದಿನ ಬಿಲ್‌ಗೆ ಹೊಂದಿಸುತ್ತಾರೆ. ಮುಂದೆ ಏನೂ ಕೊಳ್ಳುವ ಯೋಚನೆ ಇಲ್ಲದಿದ್ದರೆ ಬ್ಯಾಂಕ್ ಖಾತೆಗೇ ಹಾಕಿ ಅಂತ ಕೇಳಿ.

ಆಟೋಪೇ ಇದ್ದವರು ಇನ್ನೂ ಹುಷಾರಾಗಿರಬೇಕು. ಕೊನೆಯ ದಿನಕ್ಕೆ ಸ್ವಲ್ಪ ಮುಂಚೆ ರೀಫಂಡ್ ಬಂದರೂ ಹಳೆಯ ಮೊತ್ತದ ಕೋರಿಕೆ ಆಗಲೇ ಬ್ಯಾಂಕಿಗೆ ಹೋಗಿರಬಹುದು. ಆಗ 4,398 ಪೂರ್ತಿ ಕಡಿತವಾಗುತ್ತದೆ. ಖಾತೆಯಲ್ಲಿ 899 ಮಾತ್ರ ಇಟ್ಟಿದ್ದರೆ ಅದು ಬೌನ್ಸ್. ಬ್ಯಾಂಕ್ ಒಂದು ಶುಲ್ಕ, ಸಾಲ ಕೊಟ್ಟವರು ಇನ್ನೊಂದು ಶುಲ್ಕ ಹಾಕಬಹುದು. ಪೂರ್ತಿ ಬಿಲ್‌ನಷ್ಟು ದುಡ್ಡು ಖಾತೆಯಲ್ಲಿರಲಿ.

ಅಷ್ಟು ದುಡ್ಡು ನಿಜಕ್ಕೂ ಇಲ್ಲ ಅಂದರೆ, ಕೊನೆಯ ದಿನಕ್ಕೆ ಮುಂಚೆಯೇ ಸಾಲ ಕೊಟ್ಟವರಿಗೆ ಬರೆಯಿರಿ. ಆದಷ್ಟು ಕಟ್ಟಿ, ವಾಪಸಾತಿಯ ಪುರಾವೆ ಲಗತ್ತಿಸಿ, ಆ ಮೊತ್ತವನ್ನು ತಡೆಹಿಡಿಯಲು ಕೇಳಿ. ಅವರು ಒಪ್ಪಲೇಬೇಕು ಅಂತಿಲ್ಲ. ಆದರೆ ಆಮೇಲೆ ಶುಲ್ಕ ತೆಗೆಸಲು ಆ ಪತ್ರವೇ ಆಧಾರ.

ರೀಫಂಡ್ ಕಳಿಸಿದ್ದಾರೆ, ಬಂದಿಲ್ಲ ಅಂದರೆ

ಮಾರಿದವರು ‘ಕಳಿಸಿದ್ದೇವೆ’ ಅಂತಾರೆ, ಸಾಲ ಕೊಟ್ಟವರು ‘ಬಂದಿಲ್ಲ’ ಅಂತಾರೆ. ಈ ಇಬ್ಬರ ನಡುವೆ ಓಡಾಡಿ ಸುಸ್ತಾಗುವ ಮೊದಲು ಮಾರಿದವರಿಂದ ಮೂರು ಸಂಗತಿ ತೆಗೆದುಕೊಳ್ಳಿ: ಕಳಿಸಿದ ದಿನ, ಮೊತ್ತ, ರೀಫಂಡ್ ರೆಫರೆನ್ಸ್ ನಂಬರ್. ಮೊತ್ತವನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಕೂಪನ್ ಅಥವಾ ಡೆಲಿವರಿ ಶುಲ್ಕ ಕಳೆದು 3,499ರ ಬದಲು 3,430 ಕಳಿಸಿರಬಹುದು. ಉಳಿದ 69 ರೂಪಾಯಿ ನಿಮ್ಮ ಬಾಕಿಯಾಗಿಯೇ ಇರುತ್ತದೆ.

ನಂತರ ಸಾಲ ಕೊಟ್ಟವರಿಗೆ ಇಮೇಲ್ ಹಾಕಿ. ಉದ್ದ ಬೇಡ, ಇಷ್ಟು ಸಾಕು:

‘ಈ ಆರ್ಡರ್ ನಂಬರಿನ ವಸ್ತುವನ್ನು 2ನೇ ತಾರೀಖು ವಾಪಸ್ ಕೊಟ್ಟಿದ್ದೇನೆ. ಮಾರಿದವರು 4ರಂದು 3,499 ರೂಪಾಯಿ ಕಳಿಸಿದ್ದಾರೆ, ರೆಫರೆನ್ಸ್ ನಂಬರ್ ಇದು. ನನ್ನ ಖಾತೆಗೆ ಜಮಾ ಆಗಿಲ್ಲ. ಪತ್ತೆ ಹಚ್ಚಿ ಜಮಾ ಮಾಡಿ, ಈ ಮೊತ್ತಕ್ಕೆ ಹಾಕಿದ ಶುಲ್ಕ ತೆಗೆದುಹಾಕಿ.’

ಆ್ಯಪ್‌ನ ಹೆಸರೇ ಸಾಲ ಕೊಟ್ಟವರ ಹೆಸರಾಗಿರಬೇಕು ಅಂತಿಲ್ಲ. ಸಾಲ ಪಡೆಯುವಾಗ ಕೊಟ್ಟ, ಸಾಲದ ಮುಖ್ಯ ವಿವರಗಳಿರುವ ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್ ತೆಗೆದು ನೋಡಿ. ದೂರು ಕೇಳುವ ಅಧಿಕಾರಿಯ ವಿವರ ಅದರಲ್ಲಿರುತ್ತದೆ. ದೂರು ಕೊಟ್ಟು 30 ದಿನವಾದರೂ ಉತ್ತರವಿಲ್ಲ ಅಥವಾ ಉತ್ತರ ಸರಿಯಿಲ್ಲ ಎಂದರೆ cms.rbi.org.in ನಲ್ಲಿ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಅದಕ್ಕೆ ಶುಲ್ಕವಿಲ್ಲ. ಮಾರಿದವರೇ ದುಡ್ಡು ಬಿಡುತ್ತಿಲ್ಲ ಎಂದಾದರೆ ದಾರಿ ಬೇರೆ. ಮೊದಲು ಅವರ ದೂರು ಅಧಿಕಾರಿ, ಅದೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಇ-ಕಾಮರ್ಸ್ ನಿಯಮದ ಪ್ರಕಾರ ಆ ದೂರು ಅಧಿಕಾರಿ 48 ಗಂಟೆಯೊಳಗೆ ದೂರು ಸ್ವೀಕರಿಸಿದ್ದಾಗಿ ತಿಳಿಸಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು.

ವಸ್ತುವನ್ನು ಕಂತಿನಲ್ಲಿ ತೆಗೆದುಕೊಂಡಿದ್ದರೆ ಇನ್ನೊಂದು ಕೆಲಸ ಇದೆ. ರೀಫಂಡ್ ಬಂದರೂ ಕಂತಿನ ಸಾಲ ಮುಚ್ಚಿದೆಯಾ ಅಂತ ಕೇಳಿ ಖಚಿತ ಮಾಡಿಕೊಳ್ಳಿ. ಮುಚ್ಚದಿದ್ದರೆ ಮುಂದಿನ ತಿಂಗಳೂ ಕಂತು ಕಡಿತವಾಗುತ್ತದೆ. ಮುಚ್ಚಿದ್ದಾರೆ ಎಂಬುದನ್ನು ಬರಹದಲ್ಲೇ ಪಡೆದು ಇಟ್ಟುಕೊಳ್ಳಿ. ಒಂದೆರಡು ತಿಂಗಳು ಬಿಟ್ಟು ನಿಮ್ಮ ಕ್ರೆಡಿಟ್ ವರದಿ ತೆಗೆಸಿ ನೋಡಿ, ಸಿಬಿಲ್‌ನಂತಹ ಪ್ರತಿ ಸಂಸ್ಥೆಯಿಂದಲೂ ವರ್ಷಕ್ಕೊಂದು ಪೂರ್ತಿ ವರದಿ ಉಚಿತ. ಅದರಲ್ಲಿ ತಪ್ಪಾಗಿ ತಡ ಅಂತ ಬರೆದಿದ್ದರೆ ಅಲ್ಲೇ ತಕರಾರು ಹಾಕಿ. 30 ದಿನದಲ್ಲಿ ಸರಿ ಮಾಡದಿದ್ದರೆ ಆಮೇಲಿನ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ನಿಮಗೆ ಸಿಗಬೇಕು.