ಎಳ್ಳು-ಬೆಲ್ಲದ ಕಾಂಬೋ ಪ್ಯಾಕ್: ಹೆಸರು, ಬೆಲೆ ಬರೆಯುವುದು ಹೇಗೆ?

ನಮ್ಮ ಅತ್ತಿಗೆ ಮನೆಯಲ್ಲೇ ಎಳ್ಳು-ಬೆಲ್ಲ, ಸಕ್ಕರೆ ಅಚ್ಚು ಮಾಡಿ ಮಾರುತ್ತಾರೆ. ವಾಟ್ಸಾಪ್‌ನಲ್ಲಿ ಕಳಿಸುವ ಮೆಸೇಜು ಬರೆದುಕೊಡುವುದು ನನ್ನ ಕೆಲಸ. ಮೊದಲ ವರ್ಷ ನಾನು ಬರೆದಿದ್ದು ಹೀಗಿತ್ತು: ‘ಸಂಕ್ರಾಂತಿ ಸಂಭ್ರಮ ಗ್ರ್ಯಾಂಡ್ ಕಾಂಬೋ! 699 ರೂಪಾಯಿಯದು ಈಗ ಬರೀ 569! 18% ಉಳಿತಾಯ!’

ಸಂಜೆಯೊಳಗೆ ಹತ್ತಾರು ಮೆಸೇಜು ಬಂದವು. ಆರ್ಡರ್‌ಗಿಂತ ಪ್ರಶ್ನೆಗಳೇ ಜಾಸ್ತಿ. ಇದರಲ್ಲಿ ಏನೇನಿದೆ? ಎಷ್ಟು ಮನೆಗೆ ಬೀರಬಹುದು? ಒಬ್ಬರಂತೂ ನೇರವಾಗಿ ಕೇಳಿದರು: “ಅಕ್ಕಾ, ಬಿಡಿಯಾಗಿ ತಗೊಂಡ್ರೆ 610 ಅಲ್ವಾ? 699 ಎಲ್ಲಿಂದ ಬಂತು?” ಅವರು ಕೇಳಿದ್ದು ಸರಿಯಾಗಿತ್ತು. ನಾನು ಪುಟ್ಟ ಕವರ್‌ಗಳಿಗೂ ಡಬ್ಬಕ್ಕೂ ಬೆಲೆ ಕಟ್ಟಿ ಒಟ್ಟು ಮೊತ್ತ ಏರಿಸಿದ್ದೆ. ನಿಜವಾಗಿ ಉಳಿಯುತ್ತಿದ್ದದ್ದು 41 ರೂಪಾಯಿ ಮಾತ್ರ. ಆಮೇಲೆ ಕಲಿತು ಈಗ ಮಾಡುತ್ತಿರುವ ಕ್ರಮ ಇದು. ಚಕ್ಕುಲಿ-ಕೋಡುಬಳೆಯ ದೀಪಾವಳಿ ಪ್ಯಾಕ್‌ಗೂ ಇದೇ ಲೆಕ್ಕ ನಡೆಯುತ್ತದೆ.

1. ಬಿಡಿ ಬೆಲೆಯನ್ನು ಮೊದಲು ಬರೆದುಕೊಳ್ಳಿ

ಪ್ಯಾಕ್‌ನೊಳಗಿನ ಒಂದೊಂದು ಪದಾರ್ಥವನ್ನೂ ನೀವು ಬಿಡಿಯಾಗಿ ಎಷ್ಟಕ್ಕೆ ಮಾರುತ್ತೀರಿ ಎಂದು ಬರೆಯಿರಿ. ನಮ್ಮದು ಹೀಗಿದೆ: ಅರ್ಧ ಕೆಜಿ ಎಳ್ಳು-ಬೆಲ್ಲಕ್ಕೆ 240 ರೂಪಾಯಿ, 10 ಸಕ್ಕರೆ ಅಚ್ಚಿಗೆ 65 ರೂಪಾಯಿ. ಪ್ಯಾಕ್‌ನಲ್ಲಿ ಇವು ಎರಡೆರಡು ಇರುವುದರಿಂದ 480 ಮತ್ತು 130, ಒಟ್ಟು 610.

ಇಲ್ಲಿ ಎರಡು ವಿಷಯ ಗಮನಿಸಿ. ಲೇಬಲ್ ಮೇಲಿನ ಎಂಆರ್‌ಪಿ 260 ಇದ್ದು, ವರ್ಷವಿಡೀ ನೀವು 240ಕ್ಕೇ ಕೊಡುತ್ತಿದ್ದರೆ ಲೆಕ್ಕಕ್ಕೆ 240 ಹಿಡಿಯಬೇಕು. ಹಾಗೆಯೇ, ಬಿಡಿಯಾಗಿ ಮಾರದೇ ಇರುವ ವಸ್ತುವಿಗೆ ಬೆಲೆ ಹಾಕಬಾರದು. ಬೀರಲು ಕೊಡುವ ಪುಟ್ಟ ಕವರ್‌ಗಳನ್ನು ನಾವು ಯಾರಿಗೂ ಬೇರೆಯಾಗಿ ಮಾರಿಲ್ಲ. ಅದಕ್ಕೇ ಈಗ ‘20 ಕವರ್ ಜೊತೆಗೆ’ ಎಂದಷ್ಟೇ ಬರೆಯುತ್ತೇವೆ, 610ರ ಒಳಗೆ ಸೇರಿಸುವುದಿಲ್ಲ.

2. ಮನಸ್ಸಿನಲ್ಲೇ ಕಳೆಯಬಹುದಾದ ಬೆಲೆ ಇಡಿ

ಎಷ್ಟು ಬಿಡಬಹುದು ಎಂಬುದು ನಿಮ್ಮ ಖರ್ಚಿನ ಮೇಲೆ ನಿಂತಿದೆ. ಸಕ್ಕರೆ ಅಚ್ಚಿಗೆ ಕೈಕೆಲಸ ಜಾಸ್ತಿ. ಪಾಕ ಹದಕ್ಕೆ ಬರಬೇಕು, ಮರದ ಅಚ್ಚಿಗೆ ಸುರಿದು, ಆರಿದ ಮೇಲೆ ಮುರಿಯದಂತೆ ಬಿಡಿಸಬೇಕು. ಅದರಲ್ಲಿ ಬೆಲೆ ಇಳಿಸಲು ಜಾಗ ಕಡಿಮೆ. ಎಳ್ಳು-ಬೆಲ್ಲದಲ್ಲಿ ಸ್ವಲ್ಪ ಇದೆ. ಎಲ್ಲ ಸೇರಿಸಿ ನೋಡಿದಾಗ ಈ ಪ್ಯಾಕ್‌ಗೆ ಸುಮಾರು 50 ರೂಪಾಯಿ ಬಿಡಬಹುದು ಎಂದು ಅತ್ತಿಗೆ ಹೇಳಿದರು.

610ರಲ್ಲಿ 50 ಹೋದರೆ 560. ಇದಕ್ಕೆ ಯಾರಿಗೂ ಕ್ಯಾಲ್ಕುಲೇಟರ್ ಬೇಡ. 559 ಎಂದು ಇಟ್ಟಿದ್ದರೆ ಒಂದು ರೂಪಾಯಿ ಕಡಿಮೆ ಕಾಣುತ್ತಿತ್ತು ನಿಜ, ಆದರೆ ಉಳಿತಾಯ 51 ಎಂದು ಲೆಕ್ಕ ಹಾಕಲು ಕೊಳ್ಳುವವರು ಒಂದು ಗಳಿಗೆ ನಿಲ್ಲಬೇಕಾಗುತ್ತಿತ್ತು. ಉಳಿತಾಯವನ್ನು ಶೇಕಡಾದಲ್ಲಿ ಬರೆಯುವುದನ್ನೂ ಬಿಟ್ಟೆವು. ‘8% ಉಳಿತಾಯ’ ಎಂದರೆ ಓದಿದವರೇ ಗುಣಿಸಿ ನೋಡಬೇಕು. ‘50 ರೂಪಾಯಿ ಉಳಿತಾಯ’ ಎಂದರೆ ಅಲ್ಲಿಗೇ ಮುಗಿಯಿತು.

3. ಹೆಸರಿನಲ್ಲೇ ಉಪಯೋಗ ಹೇಳಿ

‘ಗ್ರ್ಯಾಂಡ್’, ‘ರಾಯಲ್’, ‘ಸಂಭ್ರಮ’ ಎಂಬ ಹೆಸರುಗಳಿಂದ ಪ್ಯಾಕ್ ಎಷ್ಟು ದೊಡ್ಡದು ಎಂದು ಗೊತ್ತಾಗುವುದಿಲ್ಲ. ಗ್ರ್ಯಾಂಡ್ ದೊಡ್ಡದೋ ರಾಯಲ್ ದೊಡ್ಡದೋ? ಸಂಕ್ರಾಂತಿಗೆ ಕೊಳ್ಳುವವರ ತಲೆಯಲ್ಲಿರುವ ಲೆಕ್ಕ ಒಂದೇ: ಎಷ್ಟು ಮನೆಗೆ ಬೀರಬೇಕು? ಆ ಲೆಕ್ಕವನ್ನೇ ಹೆಸರು ಮಾಡಿದೆವು. 10 ಮನೆ ಪ್ಯಾಕ್, 20 ಮನೆ ಪ್ಯಾಕ್, 40 ಮನೆ ಪ್ಯಾಕ್.

ಹೆಸರಿನಲ್ಲಿ ಅಂಕಿ ಇಟ್ಟ ಮೇಲೆ ಅದು ನಿಜವಾಗಿಯೂ ಸಾಲಬೇಕು. ಒಂದು ಮನೆಗೆ 50 ಗ್ರಾಂ ಎಳ್ಳು-ಬೆಲ್ಲ, ಒಂದು ಅಚ್ಚು. ಅತ್ತಿಗೆ ತಕ್ಕಡಿ ಇಟ್ಟುಕೊಂಡು 20 ಕವರನ್ನೂ ತುಂಬಿ ನೋಡಿದರು. 1 ಕೆಜಿ ಸರಿಯಾಗಿ ಸಾಕಾಯಿತು, ಆದರೆ ಮನೆಯವರಿಗೆ ತಿನ್ನಲು ಏನೂ ಉಳಿಯಲಿಲ್ಲ. ಅದಕ್ಕೇ ‘ಒಂದು ಮನೆಗೆ 50 ಗ್ರಾಂ’ ಎಂದು ಮೆಸೇಜಿನಲ್ಲೇ ಹಾಕುತ್ತೇವೆ. ಕಬ್ಬು, ಬಾಳೆಹಣ್ಣು ಇದರಲ್ಲಿ ಇಲ್ಲ ಎಂದೂ ಹೇಳುತ್ತೇವೆ. ಸಂಕ್ರಾಂತಿ ಪ್ಯಾಕ್ ಎಂದರೆ ಎಲ್ಲವೂ ಬರುತ್ತದೆ ಎಂದುಕೊಳ್ಳುವವರು ಇದ್ದಾರೆ.

4. ಪ್ಯಾಕ್‌ಗಳನ್ನು ಒಂದಕ್ಕೊಂದು ಹೋಲಿಸಿ ನೋಡಿ

ಸಾಮಾನ್ಯವಾಗಿ ತಪ್ಪಾಗುವುದು ಇಲ್ಲೇ. ಎರಡನೇ ವರ್ಷ ನಾವು 10 ಮನೆ ಪ್ಯಾಕ್‌ಗೆ 280, 20 ಮನೆ ಪ್ಯಾಕ್‌ಗೆ 570 ಇಟ್ಟಿದ್ದೆವು. ಚಿಕ್ಕದು ಎರಡು ಕೊಂಡರೆ 560! ದೊಡ್ಡದು ತಗೊಂಡವರಿಗೆ 10 ರೂಪಾಯಿ ಜಾಸ್ತಿ ಬಿತ್ತು. ಗೊತ್ತಾದ ಕೂಡಲೇ ಅತ್ತಿಗೆ ಎಲ್ಲರಿಗೂ ಫೋನ್ ಮಾಡಿ ಆ ಹಣ ವಾಪಸ್ ಕಳಿಸಿದರು.

ಇದನ್ನು ಹಿಡಿಯುವುದು ಸುಲಭ. ಬೆಲೆಯನ್ನು ಮನೆಗಳ ಸಂಖ್ಯೆಯಿಂದ ಭಾಗಿಸಿ. ಈಗ 10 ಮನೆಗೆ 290, 20 ಮನೆಗೆ 560, 40 ಮನೆಗೆ 1,100. ಅಂದರೆ ಮನೆಗೆ 29, 28, ಇಪ್ಪತ್ತೇಳೂವರೆ ರೂಪಾಯಿ. ಪ್ಯಾಕ್ ದೊಡ್ಡದಾದಂತೆ ಈ ಅಂಕಿ ಇಳಿಯುತ್ತಲೇ ಹೋಗಬೇಕು. ಎಲ್ಲಾದರೂ ಏರಿದರೆ ಬೆಲೆ ತಿದ್ದಿ.

5. ಈಗ ಮೆಸೇಜು ಬರೆಯಿರಿ

ಹೆಸರು, ಒಳಗೇನಿದೆ, ಬಿಡಿ ಬೆಲೆ, ಪ್ಯಾಕ್ ಬೆಲೆ, ಉಳಿತಾಯ. ಇದೇ ಕ್ರಮದಲ್ಲಿ, ಒಂದು ಸಾಲಿಗೆ ಒಂದೇ ಮಾತು.

```
*20 ಮನೆ ಎಳ್ಳು ಬೀರುವ ಪ್ಯಾಕ್*
ಎಳ್ಳು-ಬೆಲ್ಲ 1 ಕೆಜಿ (ಒಂದು ಮನೆಗೆ 50 ಗ್ರಾಂ)
ಸಕ್ಕರೆ ಅಚ್ಚು 20, ಪುಟ್ಟ ಕವರ್ 20 ಜೊತೆಗೆ
ಕಬ್ಬು, ಬಾಳೆಹಣ್ಣು ಇದರಲ್ಲಿ ಇಲ್ಲ
ಬಿಡಿಯಾಗಿ ಕೊಂಡರೆ ~₹610~
ಪ್ಯಾಕ್ ಬೆಲೆ *₹560*
ನಿಮಗೆ ಉಳಿತಾಯ ₹50
ಮನೆಗೆ ತಲುಪಿಸಲು ₹40, ಬಂದು ಒಯ್ದರೆ ಇಲ್ಲ
ಆರ್ಡರ್‌ಗೆ ಕೊನೆ ದಿನ: ಜನವರಿ 10
```

ವಾಟ್ಸಾಪ್‌ನಲ್ಲಿ ಅಂಕಿಯ ಎರಡೂ ಕಡೆ ~ ಹಾಕಿದರೆ ಅದರ ಮೇಲೆ ಗೆರೆ ಬೀಳುತ್ತದೆ, * ಹಾಕಿದರೆ ದಪ್ಪಗಾಗುತ್ತದೆ. ಬರೀ ಗೆರೆ ಎಳೆದು ಬಿಡಬೇಡಿ. ‘ಬಿಡಿಯಾಗಿ ಕೊಂಡರೆ’ ಎಂಬ ಮಾತಿಲ್ಲದಿದ್ದರೆ 610 ಯಾವುದರ ಬೆಲೆ ಎಂದು ಗೊತ್ತಾಗುವುದಿಲ್ಲ, ಹಳೇ ಬೆಲೆಯೋ ಎಂಆರ್‌ಪಿಯೋ ಅನ್ನಿಸುತ್ತದೆ.

ತಲುಪಿಸುವ ಖರ್ಚನ್ನು ಇಲ್ಲೇ ಹೇಳಲು ಕಾರಣವಿದೆ. 50 ಉಳಿಯುತ್ತದೆ ಎಂದು ನಂಬಿಸಿ, ಹಣ ಕಳಿಸುವ ಹೊತ್ತಿಗೆ 40 ಸೇರಿಸಿದರೆ ಆ ಉಳಿತಾಯಕ್ಕೆ ಏನು ಅರ್ಥ? ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರಲ್ಲಿ ಹೊರಡಿಸಿದ ಡಾರ್ಕ್ ಪ್ಯಾಟರ್ನ್, ಅಂದರೆ ಕೊಳ್ಳುವವರನ್ನು ದಾರಿ ತಪ್ಪಿಸುವ ತಂತ್ರಗಳ ವಿರುದ್ಧದ ಮಾರ್ಗಸೂಚಿಯಲ್ಲಿ ಹೀಗೆ ಕೊನೆಯಲ್ಲಿ ಖರ್ಚು ಸೇರಿಸುವುದೂ ಇದೆ, ಸುಳ್ಳು ಅವಸರ ಹುಟ್ಟಿಸುವುದೂ ಇದೆ. ಜನವರಿ 10 ಎಂದು ನಾವು ಸುಮ್ನೆ ಹಾಕಿದ್ದಲ್ಲ. ಆಮೇಲೆ ಬಂದ ಆರ್ಡರ್‌ಗೆ ಹಬ್ಬದೊಳಗೆ ಅಚ್ಚು ಹಾಕಿ ಮುಗಿಸಲು ಆಗುವುದಿಲ್ಲ.

6. ಕಳಿಸುವ ಮೊದಲು ಒಬ್ಬರಿಗೆ ತೋರಿಸಿ

ನಿಮ್ಮ ವ್ಯಾಪಾರದ ಬಗ್ಗೆ ಗೊತ್ತಿಲ್ಲದ ಒಬ್ಬರಿಗೆ ಫೋನ್ ಕೊಟ್ಟು, ಒಂದು ಸಲ ಓದಿಸಿ ವಾಪಸ್ ತೆಗೆದುಕೊಳ್ಳಿ. ಎಷ್ಟು ಕೊಡಬೇಕು, ಎಷ್ಟು ಮನೆಗೆ ಆಗುತ್ತದೆ, ಎಷ್ಟು ಉಳಿಯುತ್ತದೆ ಎಂದು ಕೇಳಿ. ಯಾವುದಕ್ಕೆ ತಡವರಿಸಿದರೋ ಆ ಸಾಲನ್ನು ತಿದ್ದಿ. ನಾನು ಪಕ್ಕದ ಮನೆಯ ಆಂಟಿಗೆ ತೋರಿಸಿದೆ. ಮೂರಕ್ಕೂ ಸರಿಯಾಗಿ ಹೇಳಿದರು. ಆಮೇಲೆ ಅವರೇ ಕೇಳಿದರು: “ನಮ್ದು 26 ಮನೆ ಆಗುತ್ತೆ, ಯಾವುದು ತಗೊಳ್ಳಲಿ?”

ಅದು ನನಗೆ ಹೊಳೆದೇ ಇರಲಿಲ್ಲ. ಆ ದಿನವೇ ಕೆಳಗೆ ಒಂದು ಸಾಲು ಸೇರಿಸಿದೆ: ‘30 ಮನೆವರೆಗೆ: 20 ಮನೆ ಪ್ಯಾಕ್ ಒಂದು, 10 ಮನೆ ಪ್ಯಾಕ್ ಒಂದು, ಒಟ್ಟು ₹850.’